ಕ್ಲೋಷರ್ ರಿಪೋರ್ಟಿನಲ್ಲಿ "ಬಜೆಟ್ಟಿನೊಳಗೆ ಮುಗಿಯಿತು" ಅಂತ ಬರೆಯಬಹುದಾ?

ನೀಲಿಕಡತ
ಎಲ್ಲರಿಗೂ ನಮಸ್ಕಾರ. ಒಂದು ಪ್ರಾಜೆಕ್ಟಿನ ಮುಕ್ತಾಯ ವರದಿ ಬರೆಯುತ್ತಿದ್ದೇನೆ. ಅದರ ಒಂದೇ ಒಂದು ಸಾಲಿನ ಮೇಲೆ ನನಗೂ ನಮ್ಮ ಸ್ಪಾನ್ಸರ್‌ಗೂ ಮಾತು ಹೊಂದುತ್ತಿಲ್ಲ. ಅನುಭವ ಇರುವವರು ಹೇಳಿ.

ಗೋದಾಮಿನ ಸ್ಟಾಕ್ ಲೆಕ್ಕ ಮೊದಲು ರಿಜಿಸ್ಟರ್ ಮತ್ತು ಎಕ್ಸೆಲ್‌ನಲ್ಲಿ ಇತ್ತು. ಅದನ್ನು ಬಾರ್‌ಕೋಡ್ ಪದ್ಧತಿಗೆ ತರೋದು ನಮ್ಮ ಕೆಲಸ. ಸಾಫ್ಟ್‌ವೇರ್, 40 ಸ್ಕ್ಯಾನರ್, ಹಳೇ ಡೇಟಾ ತುಂಬಿಸೋದು, ಸಿಬ್ಬಂದಿಗೆ ತರಬೇತಿ, ಗಿರಾಕಿಗಳಿಂದ ವಾಪಸ್ ಬರುವ ಸರಕಿಗೆ ಒಂದು ಮಾಡ್ಯೂಲ್. ಮೊದಲು ಒಪ್ಪಿದ್ದು ಇಷ್ಟು.

ನಿಜವಾದ ಮೊತ್ತ ಇಲ್ಲಿ ಹಾಕುವುದಿಲ್ಲ. ಮೊದಲು ಮಂಜೂರಾದ ಬಜೆಟ್ 100 ಅಂತ ಇಟ್ಟುಕೊಳ್ಳಿ. ನಡುವೆ ಮೂರು ಬದಲಾವಣೆಗಳಿಗೆ ಒಪ್ಪಿಗೆ ಸಿಕ್ಕಿತು. ಲೇಬಲ್ ಪ್ರಿಂಟರ್ ಮತ್ತು ಇನ್ನೊಂದು ಶೆಡ್ ಸೇರಿಸಿದ್ದಕ್ಕೆ 9 ಜಾಸ್ತಿ. ಹಳೇ ಡೇಟಾ ಅಂದುಕೊಂಡಿದ್ದಕ್ಕಿಂತ ಕೆಟ್ಟು ಹೋಗಿತ್ತು, ಅದನ್ನು ಸರಿಮಾಡೋಕೆ 5 ಜಾಸ್ತಿ. ವಾಪಸ್ ಸರಕಿನ ಮಾಡ್ಯೂಲ್ ಕೈಬಿಟ್ಟಿದ್ದರಿಂದ 6 ಕಡಿಮೆ. ಹಾಗಾಗಿ ಈಗಿನ ಬಜೆಟ್ 108. ಇವತ್ತಿನವರೆಗಿನ ಖರ್ಚು 101.

ಸ್ಪಾನ್ಸರ್ ಹೇಳೋದು: "108ರಲ್ಲಿ 101 ಖರ್ಚಾಗಿದೆ, 7 ಉಳಿದಿದೆ, ಪ್ರಾಜೆಕ್ಟ್ ಬಜೆಟ್ಟಿನೊಳಗೆ ಮುಗಿಯಿತು ಅಂತ ಬರೆದು ಕಳಿಸಿ." ನನಗೆ ಕೈ ಬರುತ್ತಿಲ್ಲ. ಇನ್ನೊಂದು ಕಡೆ ಗೋದಾಮಿನವರು ಹ್ಯಾಂಡೋವರ್ ಪತ್ರಕ್ಕೆ ಸಹಿ ಹಾಕುತ್ತಿಲ್ಲ. ಏನು ಮಾಡಲಿ?

ನೇರಮಾತು
ಇದರಲ್ಲಿ ಗೊಂದಲ ಏನಿದೆ? ಮೂರೂ ಬದಲಾವಣೆಗೆ ಸಹಿ ಆಗಿದೆ ಅಂದಮೇಲೆ ಬಜೆಟ್ 108. ಹಳೇ 100 ಈಗ ಸತ್ತ ಲೆಕ್ಕ. 101 ಖರ್ಚಾಗಿದ್ದರೆ ಉಳಿತಾಯ 7. ಬರೆದು ಮುಗಿಸಿ.

ಕೊನೆವರ್ಷ
ಅಕ್ಕ, ನನ್ನದೂ ಪ್ರಾಜೆಕ್ಟ್ ರಿಪೋರ್ಟ್ ಬಾಕಿ ಇದೆ. ಎಷ್ಟು ಪುಟ ಇರಬೇಕು? ಬೈಂಡಿಂಗ್ ಕಡ್ಡಾಯನಾ? ಗೈಡ್ ಸಹಿ ಎಲ್ಲಿ ಹಾಕಿಸಬೇಕು?

ಹಳೇಕೈ
@ಕೊನೆವರ್ಷ, ನೀವು ಕೇಳ್ತಿರೋದು ಕಾಲೇಜಿನ ಪ್ರಾಜೆಕ್ಟ್ ವರದಿ. ಇಲ್ಲಿನ ಮಾತು ಬೇರೆ. ಒಂದು ಕಂಪನಿಯೋ ಸಂಸ್ಥೆಯೋ ಹಣ ಹಾಕಿ ಮಾಡಿಸಿದ ಕೆಲಸವನ್ನು ಮುಚ್ಚುವ ವರದಿ ಇದು. ನಿಮ್ಮದಕ್ಕೆ ನಿಮ್ಮ ವಿಭಾಗದಲ್ಲಿ ಕೇಳಿ, ಅಲ್ಲಿ ನಮೂನೆ ಇರುತ್ತದೆ.

ನೀಲಿಕಡತ ಅವರೇ, 101 ಅಂದಿರಲ್ಲ, ಅದು ಕೊಟ್ಟ ಹಣವಾ, ಬಂದ ಬಿಲ್ಲುಗಳ ಮೊತ್ತವಾ? ಉಳಿದಿದ್ದು ಆಮೇಲೆ ಹೇಳ್ತೀನಿ. ಮೊದಲು ಇದು ಗೊತ್ತಾಗಬೇಕು.

ನೀಲಿಕಡತ
ಕೊಟ್ಟ ಹಣ ಸರ್. ಲೆಕ್ಕದ ವಿಭಾಗ ಕಳಿಸಿದ ಪಾವತಿ ಪಟ್ಟಿಯಿಂದ ತೆಗೆದಿದ್ದು.

ಲೆಕ್ಕದವಳು
ಹಾಗಾದರೆ 101 ನಿಮ್ಮ ಅಂತಿಮ ಖರ್ಚು ಅಲ್ಲವೇ ಅಲ್ಲ. ನಾನು ಲೆಕ್ಕ ವಿಭಾಗದಲ್ಲೇ ಇರೋದು, ಈ ಗೋಳು ಪ್ರತಿ ಪ್ರಾಜೆಕ್ಟಿನಲ್ಲೂ ನೋಡ್ತೀನಿ. ಪಾವತಿ ಪಟ್ಟಿ ಹೇಳೋದು ಹಿಂದೆ ಏನಾಯ್ತು ಅಂತ ಮಾತ್ರ. ಮುಕ್ತಾಯ ವರದಿಗೆ ಬೇಕಿರೋದು ಕೊನೆಯ ಬಿಲ್ಲು ತೀರಿದ ಮೇಲೆ ಎಷ್ಟಾಗುತ್ತದೆ ಅನ್ನೋದು.

ಮೂರು ಕಡೆ ನೋಡಿ. ವೆಂಡರ್ ಬಿಲ್ಲಿನಲ್ಲಿ ಹಿಡಿದಿಟ್ಟ ಹಣ ಇದೆಯಾ, ಅದನ್ನು ವಾರಂಟಿ ಮುಗಿದಾಗ ಕೊಡಲೇಬೇಕು. ಕೆಲಸ ಆಗಿಹೋಗಿ ಬಿಲ್ ಬರದೇ ಇರೋದು ಇದೆಯಾ, ಸಾಮಾನ್ಯವಾಗಿ ತರಬೇತಿ ಕೊಟ್ಟವರು, ಸಾಗಣೆಯವರು ತಡವಾಗಿ ಕಳಿಸ್ತಾರೆ. ಮೂರನೆಯದು, ತೆರೆದೇ ಇರುವ ಪರ್ಚೇಸ್ ಆರ್ಡರ್. ಸರಕು ಇನ್ನೂ ಬಂದಿಲ್ಲ, ಆರ್ಡರ್ ಮಾತ್ರ ಹೋಗಿದೆ, ಅದೂ ನಿಮ್ಮ ತಲೆ ಮೇಲೆಯೇ.

ಇನ್ನೊಂದು ಎಚ್ಚರ. ನಿಮ್ಮ ಅಂಕಿ ಬಿಲ್ ಮೊತ್ತದಿಂದ ಬಂದಿದ್ದರೆ ಹಿಡಿದಿಟ್ಟ ಹಣ ಅದರಲ್ಲಿ ಆಗಲೇ ಸೇರಿರುತ್ತದೆ. ಮತ್ತೆ ಕೂಡಿಸಿದರೆ ಎರಡು ಸಲ ಆಗುತ್ತದೆ. ನಿಮ್ಮದು ಪಾವತಿ ಪಟ್ಟಿ ಆಗಿರೋದರಿಂದ ಕೂಡಿಸಲೇಬೇಕು.

ಶೆಲ್ಫ್‌ನಂಬರ್7
ನಾನು ಇಂಥದ್ದೇ ಒಂದು ಗೋದಾಮಿನ ಮೇಲ್ವಿಚಾರಕ. ಬೇರೆ ಸಂಸ್ಥೆ, ನೀಲಿಕಡತ ಅವರದ್ದಲ್ಲ. ಒಂದು ಮಾತು ಕೇಳ್ತೀನಿ. 7 ಉಳಿದಿದ್ದರೆ 6ಕ್ಕೆ ಆಗುತ್ತಿದ್ದ ವಾಪಸ್ ಸರಕಿನ ಮಾಡ್ಯೂಲ್ ಮಾಡಿಸಿಬಿಡಬಾರದಾ? ಅದಿಲ್ಲದೆ ನಮ್ಮಂಥವರ ಪಾಡು ಏನು ಗೊತ್ತಾ? ಸರಕು ವಾಪಸ್ ಬಂದಾಗ ಸಿಸ್ಟಮ್‌ಗೆ ಹಾಕೋಕೆ ದಾರಿ ಇಲ್ಲ. ಮೂಲೆಯಲ್ಲಿ ರಾಶಿ ಹಾಕಿ ಮತ್ತೆ ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ರಾಶಿಯಿಂದ ಯಾರೋ ಒಂದು ಡಬ್ಬ ಎತ್ತಿ ಗಿರಾಕಿಗೆ ಕಳಿಸಿದರೆ ಸ್ಕ್ಯಾನರ್ ಲೆಕ್ಕ ಅಲ್ಲಿಗೆ ತಪ್ಪಿತು.

ನೀಲಿಕಡತ
@ಲೆಕ್ಕದವಳು, ನೋಡಿದೆ ಮೇಡಂ. ವೆಂಡರ್‌ಗೆ ಹಿಡಿದಿಟ್ಟಿದ್ದು 3. ತರಬೇತಿಯ ಕೊನೆ ಕಂತಿನ ಬಿಲ್ ಬಂದಿಲ್ಲ, 2. ಹೆಚ್ಚುವರಿ ಬ್ಯಾಟರಿಗಳ ಆರ್ಡರ್ ತೆರೆದಿದೆ, 1. ಒಟ್ಟು 6. ಅಂದರೆ ಅಂತಿಮ ಖರ್ಚು 107.

@ಶೆಲ್ಫ್‌ನಂಬರ್7, ನೋಡಿ, ಉಳಿದಿದ್ದು 1 ಅಷ್ಟೇ. ಮಾಡ್ಯೂಲ್ ಮಾಡಿಸೋಕೆ ಹಣ ಇಲ್ಲ.

ನೇರಮಾತು
ಸರಿ, ಒಪ್ಪಿದೆ, ಉಳಿತಾಯ 7 ಅಲ್ಲ, 1. ಆದರೂ 108ರ ಒಳಗೇ ಇದೆ ಅಲ್ವಾ? "ಬಜೆಟ್ಟಿನೊಳಗೆ ಮುಗಿಯಿತು" ಅನ್ನೋ ಸಾಲು ಸುಳ್ಳಲ್ಲ.

ಹಳೇಕೈ
ಸುಳ್ಳಲ್ಲ, ಆದರೆ ಓದುವವರಿಗೆ ತಪ್ಪು ಚಿತ್ರ ಕೊಡುತ್ತದೆ. ನೇರಮಾತು ಅವರು ಹೇಳಿದ ಒಂದು ಭಾಗ ಸರಿ. ಅಧಿಕೃತವಾಗಿ ಹೋಲಿಸಬೇಕಿರೋದು ಒಪ್ಪಿಗೆ ಆದ ಕೊನೆಯ ಬಜೆಟ್ಟಿನ ಜೊತೆಗೇ. ಆದರೆ 100 ಸತ್ತ ಲೆಕ್ಕ ಅನ್ನೋದನ್ನು ನಾನು ಒಪ್ಪಲ್ಲ. ಮುಕ್ತಾಯ ವರದಿಯಲ್ಲಿ 100ರಿಂದ 108ಕ್ಕೆ ಹೇಗೆ ಬಂದಿರಿ ಅಂತ ತೋರಿಸೋದೇ ಮುಖ್ಯ ಕೆಲಸ. ಯಾಕಂದ್ರೆ ಆ ಮೂರು ಬದಲಾವಣೆಗಳು ಒಂದೇ ಜಾತಿಯವಲ್ಲ.

9 ಹೆಚ್ಚಾಗಿದ್ದು ಹೊಸ ಕೆಲಸಕ್ಕೆ. ಕೇಳಿದರು, ಕೊಟ್ಟಿರಿ, ಕೈಗೆ ಪ್ರಿಂಟರೂ ಶೆಡ್ಡೂ ಬಂದವು. 6 ಕಡಿಮೆಯಾಗಿದ್ದು ಕೆಲಸ ಬಿಟ್ಟಿದ್ದಕ್ಕೆ. ಅದು ಉಳಿತಾಯ ಅಲ್ಲ, ಆ ವಸ್ತು ಸಿಕ್ಕಿಲ್ಲ ಅಷ್ಟೇ. ಇನ್ನು 5 ಇದೆಯಲ್ಲ, ಡೇಟಾ ಸರಿಮಾಡಿದ್ದು, ಅದರಿಂದ ಹೊಸದೇನೂ ಸಿಗಲಿಲ್ಲ. ಹಳೇ ಡೇಟಾ ತುಂಬಿಸೋದು ಮೊದಲ ಪಟ್ಟಿಯಲ್ಲೇ ಇತ್ತು. ಅದೇ ಕೆಲಸಕ್ಕೆ ಜಾಸ್ತಿ ಹಣ ಹೋಯಿತು.

ಹಾಗಾಗಿ ಹೀಗೆ ಲೆಕ್ಕ ಹಾಕಿ. ನಿಜವಾಗಿ ಮಾಡಿ ಮುಗಿಸಿದ ಕೆಲಸಕ್ಕೆ ಮೊದಲ ಅಂದಾಜಿನ ಪ್ರಕಾರ ಎಷ್ಟಾಗಬೇಕಿತ್ತು?

100 − 6 + 9 = 103

ಆಗಿದ್ದು 107. ಸಮಕ್ಕೆ ಸಮ ಇಟ್ಟು ನೋಡಿದರೆ 4 ಜಾಸ್ತಿ. ಡೇಟಾದಿಂದ 5 ಹೆಚ್ಚಿತು, ಬೇರೆಡೆ 1 ಉಳಿಯಿತು, ಸರಿಹೋಯಿತು. ಮಾಡ್ಯೂಲ್ ಬಿಟ್ಟಿದ್ದರಿಂದ ಬಂದ 6 ಈ ಹೆಚ್ಚಳವನ್ನು ಮುಚ್ಚಿಹಾಕಿದೆ. "7 ಉಳಿತಾಯ" ಅಂತ ಓದಿದ ಮುಂದಿನ ಪ್ರಾಜೆಕ್ಟಿನವರು ಇದೇ ದರ ಹಿಡಿದು ಅಂದಾಜು ಮಾಡ್ತಾರೆ, ಅವರಿಗೂ ಡೇಟಾದಲ್ಲೇ ಹೊಡೆತ ಬೀಳುತ್ತದೆ.

ವರದಿಯಲ್ಲಿ ಎರಡೂ ಸಾಲು ಬರಲಿ. ಒಪ್ಪಿದ ಬಜೆಟ್ 108ಕ್ಕೆ ಎದುರಾಗಿ 107. ಮಾಡಿದ ಕೆಲಸದ ಮೂಲ ಅಂದಾಜು 103ಕ್ಕೆ ಎದುರಾಗಿ 107. ಸ್ಪಾನ್ಸರ್ ಬೇಡ ಅಂದರೆ, ಯಾವ ಅಂಕಿ ತಪ್ಪು ಅಂತ ಕೇಳಿ.

ಲೆಕ್ಕದವಳು
ಪೂರ್ತಿ ಒಪ್ಪುತ್ತೇನೆ. ಉಳಿದ 1 ಇದೆಯಲ್ಲ, ಅದನ್ನು ವಾಪಸ್ ಕೊಟ್ಟಿದ್ದೀರಿ ಅಂತಲೂ ಬರೆಯಿರಿ. ಕೊನೆಗೆ ಹಣ ಮಿಕ್ಕಿದೆ ಅಂತ ಇನ್ನೊಂದಿಷ್ಟು ಸಾಮಾನು ಕೊಳ್ಳೋದನ್ನು ನೋಡಿದ್ದೇನೆ. ಅದಕ್ಕೆ ಯಾರೂ ಒಪ್ಪಿಗೆ ಕೊಟ್ಟಿರಲ್ಲ. ಬ್ಯಾಟರಿ ಬಂದು ಬಿಲ್ ತೀರಿದ ಮೇಲೆ ಪ್ರಾಜೆಕ್ಟ್ ಕೋಡ್ ಮುಚ್ಚಿಸಿ. ಅದು ತೆರೆದಿದ್ದರೆ ಆರು ತಿಂಗಳ ಮೇಲೂ ಯಾವುದೋ ರಿಪೇರಿ ಬಿಲ್ಲು ಬಂದು ಅಲ್ಲಿ ಕೂರುತ್ತದೆ. ಹಿಡಿದಿಟ್ಟ 3ಕ್ಕೆ ಮಾತ್ರ ಬಾಕಿ ಅಂತ ಲೆಕ್ಕದಲ್ಲಿ ಬೇರೆ ನಮೂದು ಇರಲಿ.

ಹೊಸಬ
ಡೇಟಾ ಕೆಟ್ಟಿತ್ತು ಅಂದರೆ ಏನಾಗಿತ್ತು? ನಮ್ಮಲ್ಲೂ ಇಂಥದ್ದು ಶುರುವಾಗ್ತಿದೆ, ಅದಕ್ಕೆ ಕೇಳಿದೆ.

ನೀಲಿಕಡತ
ಎರಡು ತೊಂದರೆ. ಒಂದೇ ವಸ್ತುವಿಗೆ ಎರಡು ಮೂರು ಕೋಡ್ ಇದ್ದವು. ಒಬ್ಬರು ಒಂದು ಹೆಸರಲ್ಲಿ ಬರೆದರೆ ಇನ್ನೊಬ್ಬರು ಹೊಸ ಕೋಡ್ ತೆರೆದಿದ್ದರು. ಎರಡನೆಯದು ಅಳತೆ. ಕೆಲವರು ಪೆಟ್ಟಿಗೆ ಲೆಕ್ಕದಲ್ಲಿ ಬರೆದಿದ್ದರು, ಕೆಲವರು ಬಿಡಿ ಲೆಕ್ಕದಲ್ಲಿ. ಎಕ್ಸೆಲ್‌ನಲ್ಲಿ 12 ಅಂತ ಇದ್ದರೆ ಅದು 12 ಪೆಟ್ಟಿಗೆಯೋ 12 ಬಿಡಿಯೋ ಅಂತ ಶೆಲ್ಫ್ ಮುಂದೆ ನಿಂತು ಎಣಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಮುಂದೆ ಕೂತು ಸರಿಮಾಡೋ ಕೆಲಸ ಅಲ್ಲ ಅದು.

ಹಳೇಕೈ
ಇದನ್ನೇ ಪಾಠದ ಭಾಗದಲ್ಲಿ ಹೀಗೇ ಬರೆಯಿರಿ. ಬಹಳ ವರದಿಗಳಲ್ಲಿ "ಡೇಟಾ ಗುಣಮಟ್ಟಕ್ಕೆ ಹೆಚ್ಚು ಗಮನ ಕೊಡಬೇಕು" ಅಂತ ಇರುತ್ತದೆ. ಅದನ್ನು ಓದಿ ಯಾರೂ ಯಾವ ಕೆಲಸವನ್ನೂ ಬೇರೆ ರೀತಿ ಮಾಡಲ್ಲ. ನಾನು ಒಂದು ಪಾಠ ಒಪ್ಪೋದು, ಅದರಲ್ಲಿ ಏನಾಯಿತು, ಯಾಕೆ ಆಯಿತು, ಮುಂದಿನ ಸಲ ಯಾವ ಹಂತದಲ್ಲಿ ಯಾರು ಏನು ಮಾಡಬೇಕು ಅನ್ನೋದು ಇದ್ದರೆ ಮಾತ್ರ.

ನಿಮ್ಮ ಕೇಸಿನಲ್ಲಿ: ಅಂದಾಜು ಮಾಡಿದಾಗ ಎಕ್ಸೆಲ್‌ನಲ್ಲಿ ಎಷ್ಟು ಸಾಲು ಇವೆ ಅಂತ ಎಣಿಸಿ ಗುಣಿಸಿರಬೇಕು, ಒಳಗೆ ಏನಿದೆ ಅಂತ ನೋಡಿರಲಿಕ್ಕಿಲ್ಲ. ಮುಂದಿನ ಸಲ ಬಜೆಟ್ ಕೇಳುವ ಮೊದಲೇ ಪಟ್ಟಿಯಿಂದ ಒಂದು 200 ವಸ್ತುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಶೆಲ್ಫ್‌ಗೆ ಹೋಗಿ ಎಣಿಸಿ, ಕೋಡ್ ಮತ್ತು ಅಳತೆ ಎಷ್ಟು ಕಡೆ ತಪ್ಪಿದೆ ನೋಡಿ. 200ರಲ್ಲಿ 50 ತಪ್ಪಿದ್ದರೆ ಪೂರ್ತಿ ಪಟ್ಟಿಯಲ್ಲಿ ಸುಮಾರು ಕಾಲು ಭಾಗ ಕೈಯಿಂದ ಸರಿಮಾಡಬೇಕು ಅಂತ ಅಂದಾಜಿಗೆ ಹಾಕಿ. ಮತ್ತೆ ಇದು ವರದಿಯಲ್ಲೇ ಉಳಿಯಬಾರದು. ನಿಮ್ಮ ಸಂಸ್ಥೆಯ ಅಂದಾಜು ನಮೂನೆಯಲ್ಲಿ ಒಂದು ಸಾಲಾಗಿ ಸೇರಬೇಕು. ಆ ನಮೂನೆ ಯಾರ ಕೈಲಿದೆಯೋ ಅವರ ಹುದ್ದೆ ಬರೆಯಿರಿ.

ನೇರಮಾತು
ಹುದ್ದೆ ಯಾಕೆ, ಹೆಸರೇ ಬರೆಯಿರಿ. ಅಂದಾಜು ತಪ್ಪು ಮಾಡಿದವರ ಹೆಸರೂ ಬರಲಿ. ಇಲ್ಲದಿದ್ದರೆ ಯಾರಿಗೂ ಭಯ ಇರಲ್ಲ.

ಹಳೇಕೈ
ಮುಂದೆ ಕೆಲಸ ಮಾಡಬೇಕಾದವರ ಹೆಸರು ಬರಲಿ, ಸರಿ. ತಪ್ಪು ಮಾಡಿದವರ ಹೆಸರು ಬೇಡ. ಒಂದು ವರದಿಯಲ್ಲಿ ಒಬ್ಬರ ಹೆಸರು ಬಂದರೆ ಮುಂದಿನ ಪ್ರಾಜೆಕ್ಟಿನಲ್ಲಿ ಎಲ್ಲರೂ "ಎಲ್ಲಾ ಚೆನ್ನಾಗಿತ್ತು" ಅಂತಲೇ ಹೇಳ್ತಾರೆ. ಆಮೇಲೆ ಪಾಠ ಅನ್ನೋದೇ ಸಿಗಲ್ಲ.

ನೇರಮಾತು
ಇದರಲ್ಲಿ ನಾನು ಒಪ್ಪಲ್ಲ. ಹೆಸರಿಲ್ಲದ ತಪ್ಪು ಮತ್ತೆ ಮತ್ತೆ ಆಗುತ್ತದೆ.

ಕೇಬಲ್‌ಗಂಟು
ಹೆಸರಿನ ಜಗಳ ಆಮೇಲೆ ಮಾಡಿ. ಹ್ಯಾಂಡೋವರ್ ಮಾತು ಯಾರೂ ಎತ್ತಲೇ ಇಲ್ಲ. ಗೋದಾಮಿನವರು ಯಾಕೆ ಸಹಿ ಹಾಕ್ತಿಲ್ಲ? ನಾನು ಐಟಿ ಸಪೋರ್ಟ್‌ನಲ್ಲಿ ಇರೋನು, ಪ್ರಾಜೆಕ್ಟ್ ತಂಡ ಎದ್ದು ಹೋದ ಮೇಲೆ ಎಲ್ಲಾ ನಮ್ಮ ಹತ್ತಿರವೇ ಬರೋದು.

ನೀಲಿಕಡತ
ಅವರು ಹೇಳೋದು ಎರಡು. "40 ಸ್ಕ್ಯಾನರ್ ಸ್ವೀಕರಿಸಿದ್ದೇವೆ" ಅಂತ ಪತ್ರದಲ್ಲಿದೆ, ಅವರು ಎಣಿಸಿದಾಗ 37 ಸಿಕ್ಕಿವೆ. ಮತ್ತೆ ವಾಪಸ್ ಮಾಡ್ಯೂಲ್ ಕೊಡದೇ "ಕೆಲಸ ಪೂರ್ಣ" ಅನ್ನೋದಕ್ಕೆ ಸಹಿ ಹಾಕಲ್ಲ ಅಂತಾರೆ.

ಶೆಲ್ಫ್‌ನಂಬರ್7
ಸರಿಯಾಗೇ ಹೇಳ್ತಿದ್ದಾರೆ! ಸಹಿ ಹಾಕಿದ ದಿನದಿಂದ ಆ ಮೂರು ಸ್ಕ್ಯಾನರ್ ಎಲ್ಲಿ ಅಂತ ಆಡಿಟ್‌ನವರು ಕೇಳೋದು ಗೋದಾಮಿನವರನ್ನೇ.

ಕೇಬಲ್‌ಗಂಟು
ಹೌದು. ಸಂಖ್ಯೆ ಬರೆದ ಪತ್ರಕ್ಕೆ ಯಾವತ್ತೂ ಸಹಿ ಕೇಳಬೇಡಿ. ಸೀರಿಯಲ್ ನಂಬರ್ ಪಟ್ಟಿ ಮಾಡಿ. ಒಂದೊಂದು ಸ್ಕ್ಯಾನರ್‌ಗೂ ಒಂದೊಂದು ಸಾಲು, ಅದು ಈಗ ಎಲ್ಲಿದೆ, ಸ್ಥಿತಿ ಹೇಗಿದೆ, ಯಾರ ವಶದಲ್ಲಿದೆ, ವಾರಂಟಿ ಯಾವಾಗ ಮುಗಿಯುತ್ತದೆ. ಇಬ್ಬರೂ ಒಟ್ಟಿಗೆ ನಿಂತು ಸ್ಕ್ಯಾನ್ ಮಾಡಿ. ಸ್ಕ್ಯಾನರ್‌ಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಇದ್ದರೆ ಒಂದೊಂದೂ ಕೊನೆಯದಾಗಿ ಯಾವತ್ತು ನೆಟ್‌ವರ್ಕ್‌ಗೆ ಬಂತು ಅಂತ ಅಲ್ಲೇ ಕಾಣುತ್ತದೆ. ಮೂರು ಎಲ್ಲಿ ಹೋದವು ಅನ್ನೋದು ಅರ್ಧ ಅಲ್ಲೇ ಬಗೆಹರಿಯುತ್ತದೆ.

ನೀಲಿಕಡತ
ಈಗಷ್ಟೇ ನೋಡಿಸಿದೆ. ಎರಡು ವೆಂಡರ್ ಹತ್ತಿರ ರಿಪೇರಿಗೆ ಹೋಗಿವೆ, ರಸೀದಿ ಸಿಕ್ಕಿತು. ಒಂದು ತರಬೇತಿ ನಡೆದ ವಾರದ ನಂತರ ನೆಟ್‌ವರ್ಕ್‌ಗೇ ಬಂದಿಲ್ಲ.

ಕೇಬಲ್‌ಗಂಟು
ಹಾಗಾದರೆ 37 ಹಸ್ತಾಂತರ, 2 ರಿಪೇರಿಯಲ್ಲಿ, 1 ಸಿಕ್ಕಿಲ್ಲ ಅಂತ ಮೂರು ಸಾಲು ಹಾಕಿ. ಸಿಗದೇ ಇರೋದನ್ನು ದೂರದಿಂದಲೇ ಲಾಕ್ ಮಾಡಿಸಿ, ಅದರಲ್ಲಿ ಲಾಗಿನ್ ಉಳಿದಿರಬಹುದು. ಅದರ ಹೊಣೆ ಪ್ರಾಜೆಕ್ಟ್ ತಂಡದ್ದು, ಗೋದಾಮಿಗೆ ದಾಟಿಸಬೇಡಿ.

ಆದರೆ ಕೈಗೆ ಸಿಗುವ ಸಾಮಾನಿಗಿಂತ ಕಣ್ಣಿಗೆ ಕಾಣದ್ದೇ ಜಾಸ್ತಿ ಕಾಡೋದು. ನಾನಿದ್ದ ಒಂದು ಕಡೆ ಸ್ಕ್ಯಾನರ್‌ಗಳೆಲ್ಲ ಒಂದು ಬೆಳಗ್ಗೆ ಸರ್ವರ್‌ಗೆ ಕನೆಕ್ಟ್ ಆಗೋದನ್ನೇ ನಿಲ್ಲಿಸಿದವು. ಸರ್ವರ್ ಚೆನ್ನಾಗೇ ಇತ್ತು. ನೆಟ್‌ವರ್ಕೂ ಇತ್ತು. ಸರ್ವರ್‌ನ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ನವೀಕರಿಸಿ ಅಂತ ಮೇಲೆ ಮೇಲೆ ಇಮೇಲ್ ಬಂದಿದ್ದವು, ಎಲ್ಲಾ ಹೋಗಿದ್ದು ಕೆಲಸ ಬಿಟ್ಟು ಹೋಗಿದ್ದ ಪ್ರಾಜೆಕ್ಟ್ ಮ್ಯಾನೇಜರ್ ಅವರ ಇಮೇಲ್‌ಗೆ. ಆ ಖಾತೆಯನ್ನೇ ಮುಚ್ಚಿಬಿಟ್ಟಿದ್ದರು. ನವೀಕರಿಸೋಣ ಅಂದರೆ ಲಾಗಿನ್‌ನ ಓಟಿಪಿ ಹೋಗೋದೂ ಅವರ ಫೋನಿಗೇ. ಲೋಡ್ ಮಾಡಿದ ಗಾಡಿಗಳು ಹಾಗೇ ನಿಂತಿದ್ದವು.

ಅದಕ್ಕೆ ನಾನು ಕೇಳೋದು: ಅಡ್ಮಿನ್ ಖಾತೆ, ಲೈಸೆನ್ಸ್, ಸರ್ಟಿಫಿಕೇಟ್, ವೆಂಡರ್ ಸಪೋರ್ಟ್ ಪೋರ್ಟಲ್, ಬ್ಯಾಕಪ್ ಜಾಗ, ಇವೆಲ್ಲ ಯಾರ ಹೆಸರಲ್ಲಿ ನೋಂದಣಿ ಆಗಿವೆ? ಒಬ್ಬರ ಹೆಸರಲ್ಲಿದ್ದರೆ ತಂಡದ ಸಾಮಾನ್ಯ ಇಮೇಲ್‌ಗೆ ಬದಲಾಯಿಸಿ. ಹೊಸಬರು ತಮ್ಮ ಕೈಯಾರೆ ಒಂದು ಸಲ ಲಾಗಿನ್ ಆಗಿ ತೋರಿಸಿದ ಮೇಲೆ ಮಾತ್ರ ಆ ಸಾಲಿಗೆ ಟಿಕ್ ಹಾಕಿ. ಪಾಸ್‌ವರ್ಡನ್ನು ವರದಿಯಲ್ಲಿ ಬರೆಯಬೇಡಿ, ದಯವಿಟ್ಟು.

ಹೊಸಬ
ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಸರ್ಟಿಫಿಕೇಟ್ ಮುಗಿಯುವ ದಿನ ಎಲ್ಲಿ ನೋಡೋದು?

ಕೇಬಲ್‌ಗಂಟು
ಸರ್ವರ್ ವಿಳಾಸ ಗೊತ್ತಿದ್ದರೆ ಹೀಗೆ. `server` ಇರುವ ಕಡೆ ನಿಮ್ಮದನ್ನು ಹಾಕಿ.

```
echo | openssl s_client -connect server:443 2>/dev/null | openssl x509 -noout -enddate
```

ಬಂದ ದಿನಾಂಕವನ್ನು ಹ್ಯಾಂಡೋವರ್ ಪಟ್ಟಿಗೆ ಹಾಕಿ, ಪಕ್ಕದಲ್ಲೇ ಯಾರು ನವೀಕರಿಸ್ತಾರೆ ಅಂತ ಬರೆಯಿರಿ.

ಲೆಕ್ಕದವಳು
ಸಾಮಾನಿನ ವಿಷಯದಲ್ಲಿ ನನ್ನದೂ ಒಂದು. ಆ ಸೀರಿಯಲ್ ಪಟ್ಟಿಯ ಒಂದು ಪ್ರತಿ ನಮಗೆ ಬರಲಿ. ಕೆಲಸ ನಡೆಯುವಾಗ ಎಲ್ಲ ಖರ್ಚೂ "ನಡೆಯುತ್ತಿರುವ ಕೆಲಸ" ಅನ್ನೋ ಒಂದೇ ಖಾತೆಯಲ್ಲಿ ಕೂತಿರುತ್ತದೆ. ಅಲ್ಲಿಂದ ಸ್ಥಿರಾಸ್ತಿ ರಿಜಿಸ್ಟರ್‌ಗೆ ಒಂದೊಂದೇ ವಸ್ತುವಾಗಿ ದಾಟಿಸಬೇಕು. ತರಬೇತಿ ಖರ್ಚು ಆಸ್ತಿ ಆಗಲ್ಲ, ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 16 ಪ್ರಕಾರ ಸಿಬ್ಬಂದಿ ತರಬೇತಿಯನ್ನು ಸ್ಕ್ಯಾನರ್ ಬೆಲೆಗೆ ಸೇರಿಸೋ ಹಾಗಿಲ್ಲ. ಸವಕಳಿ ಶುರುವಾಗೋದೂ ಮುಕ್ತಾಯ ವರದಿಗೆ ಸಹಿ ಬಿದ್ದ ದಿನದಿಂದ ಅಲ್ಲ, ಸ್ಕ್ಯಾನರ್ ಬಳಕೆಗೆ ಸಿದ್ಧವಾದ ದಿನದಿಂದ. ಪ್ರಾಜೆಕ್ಟಿನವರು ಆ ದಿನಾಂಕ ಬರೆಯೋದನ್ನೇ ಮರೀತಾರೆ, ಆಮೇಲೆ ನಾವು ಹಳೇ ಇಮೇಲ್ ಹುಡುಕಿಕೊಂಡು ಕೂರಬೇಕು.

ಶೆಲ್ಫ್‌ನಂಬರ್7
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ವಾಪಸ್ ಮಾಡ್ಯೂಲ್ ಇಲ್ಲದೇ ಪ್ರಾಜೆಕ್ಟ್ ಮುಚ್ಚೋದು ನ್ಯಾಯನಾ?

ಹಳೇಕೈ
ಮುಚ್ಚಬಹುದು, ಮಾಡ್ಯೂಲ್ ಕೈಬಿಡೋಕೆ ಅಧಿಕಾರ ಇರುವವರು ಲಿಖಿತವಾಗಿ ಒಪ್ಪಿದ್ದರೆ. ಆದರೆ "ಕೆಲಸ ಪೂರ್ಣ" ಅಂತ ಒಂದೇ ಮಾತಲ್ಲಿ ಬರೆಯೋ ಹಾಗಿಲ್ಲ. ಮೊದಲು ಒಪ್ಪಿದ ಒಂದೊಂದು ಕೆಲಸವನ್ನೂ ಎದುರಿಗೆ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಕೊಟ್ಟಾಯ್ತು. ಡೇಟಾ ಆಯ್ತು. ತರಬೇತಿ ಆಯ್ತು, ರಾತ್ರಿ ಪಾಳಿಯವರಿಗೂ ಆಯ್ತಾ ಅಂತ ನೋಡಿ, ಅಲ್ಲೇ ಸಾಮಾನ್ಯವಾಗಿ ತಪ್ಪೋದು. ವಾಪಸ್ ಮಾಡ್ಯೂಲ್ ಕೈಬಿಟ್ಟಿದ್ದು, ಇಂಥ ತಾರೀಕಿನ ಒಪ್ಪಿಗೆ ಪ್ರಕಾರ.

ಅದರ ಕೆಳಗೇ ಉಳಿದ ಕೆಲಸದ ಪಟ್ಟಿ. ಪ್ರಿನ್ಸ್ 2 ಪದ್ಧತಿಯಲ್ಲಿ ಮುಕ್ತಾಯ ವರದಿಯ ಜೊತೆಗೆ ಮುಂದೆ ಆಗಬೇಕಾದ ಕೆಲಸಗಳ ಶಿಫಾರಸು ಅಂತಲೇ ಒಂದು ಭಾಗ ಇದೆ, ಇದಕ್ಕೇ ಅದು ಇರೋದು. ಅಲ್ಲಿ ಮಾಡ್ಯೂಲ್ ಬರಲಿ, ಈಗ ಅದಿಲ್ಲದೇ ಗೋದಾಮಿನವರು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದಾರೆ ಅನ್ನೋದು ಬರಲಿ, ಯಾರು ಯಾವಾಗ ತೀರ್ಮಾನ ಮಾಡ್ತಾರೆ ಅನ್ನೋದು ಬರಲಿ. ಹೊಣೆ ಹೊರುವವರು ಇಲ್ಲದ ಸಾಲು ಆ ಪಟ್ಟಿಯಲ್ಲಿದ್ದರೆ ಗೋದಾಮಿನವರು ಸಹಿ ಹಾಕದೇ ಇರೋದು ಸರಿ.

ಶೆಲ್ಫ್‌ನಂಬರ್7
ಹೀಗೆ ಬರೆದುಕೊಟ್ಟರೆ ನಾನಾಗಿದ್ದರೆ ಸಹಿ ಹಾಕ್ತಿದ್ದೆ. ನಮಗೆ ಬೇಕಿರೋದು ಅದು ಕಾಗದದಲ್ಲಿ ಉಳಿಯೋದು.

ನೇರಮಾತು
ಒಂದು ನಿಮಿಷ. ಈ ಪ್ರಾಜೆಕ್ಟ್ ಮಾಡಿದ್ದೇ ಸ್ಟಾಕ್ ಲೆಕ್ಕ ಸರಿಯಾಗಲಿ ಅಂತ ಅಲ್ವಾ? ಸರಿಯಾಯಿತಾ? ಅದು ಗೊತ್ತಾಗುವ ತನಕ ವರದಿಯನ್ನೇ ಮುಚ್ಚಬಾರದು ಅಂತೀನಿ ನಾನು.

ನೀಲಿಕಡತ
ಗುರಿ 98% ಅಂತ ಇತ್ತು. ಅಂದರೆ ಎಣಿಸಿ ನೋಡಿದ ಜಾಗಗಳಲ್ಲಿ 100ಕ್ಕೆ 98 ಕಡೆ ಸಿಸ್ಟಮ್ ಲೆಕ್ಕ ಮತ್ತು ಶೆಲ್ಫ್ ಲೆಕ್ಕ ಒಂದೇ ಇರಬೇಕು. ಶುರುವಿಗೆ ಮುಂಚೆ ನಡೆದ ಪೂರ್ತಿ ಎಣಿಕೆಯಲ್ಲಿ 91% ಬಂದಿತ್ತು. ಈಗಿನ ಎಣಿಕೆಯಲ್ಲಿ 96% ಇದೆ.

ಹಳೇಕೈ
ಪ್ರಶ್ನೆ ಒಳ್ಳೆಯದು, ಪರಿಹಾರ ತಪ್ಪು. 98 ತಲುಪೋಕೆ ಇನ್ನಷ್ಟು ತಿಂಗಳು ಬೇಕಾಗಬಹುದು. ಅಲ್ಲಿತನಕ ಪ್ರಾಜೆಕ್ಟ್ ತಂಡವನ್ನು ಇಟ್ಟುಕೊಂಡರೆ ಖರ್ಚು ಓಡುತ್ತಲೇ ಇರುತ್ತದೆ. ಮುಚ್ಚುವ ದಿನ ಇರುವ ಅಂಕಿ ಬರೆಯಿರಿ: ಮೊದಲು 91, ಈಗ 96, ಗುರಿ 98, ಇನ್ನೂ ತಲುಪಿಲ್ಲ. ಆಮೇಲೆ ಯಾರು, ಯಾವ ತಿಂಗಳಲ್ಲಿ ಮತ್ತೆ ಅಳೆಯುತ್ತಾರೆ ಅಂತ ಬರೆಯಿರಿ. ಆ ಹೊಣೆ ಸ್ಪಾನ್ಸರ್ ಕಡೆಯವರದ್ದು, ಯಾಕಂದ್ರೆ ಆಗ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ ಕೆಲಸದಲ್ಲಿ ಇರುತ್ತಾರೆ.

ಒಂದು ಮಾತ್ರ ನೋಡಿಕೊಳ್ಳಿ. 91 ಬಂದಿದ್ದು ಪೂರ್ತಿ ಎಣಿಕೆಯಿಂದ. 96 ಹೇಗೆ ಬಂತು?

ನೀಲಿಕಡತ
ವಾರಕ್ಕೊಂದಿಷ್ಟು ಶೆಲ್ಫ್ ಎಣಿಸುವ ಪದ್ಧತಿಯಿಂದ. ಜಾಸ್ತಿ ಓಡುವ ಸರಕಿನ ಶೆಲ್ಫ್‌ಗಳೇ ಹೆಚ್ಚು ಬರುತ್ತವೆ ಅದರಲ್ಲಿ.

ಹಳೇಕೈ
ಹಾಗಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು "5 ಅಂಶ ಏರಿತು" ಅಂತ ಬರೆಯಬೇಡಿ. ಅಳೆದ ರೀತಿ ಬೇರೆ ಬೇರೆ. ಹಳೇ ಪೂರ್ತಿ ಎಣಿಕೆಯ ಹಾಳೆಗಳಲ್ಲಿ ಇದೇ ಶೆಲ್ಫ್‌ಗಳ ಸಾಲು ಮಾತ್ರ ಹೆಕ್ಕಿ ಹೋಲಿಸೋಕೆ ಆಗುತ್ತಾ ನೋಡಿ. ಆಗದಿದ್ದರೆ ಎರಡೂ ಅಂಕಿ ಕೊಟ್ಟು, ಹೇಗೆ ಎಣಿಸಿದ್ದು ಅಂತ ಒಂದು ಸಾಲು ಹಾಕಿ.

ಶೆಲ್ಫ್‌ನಂಬರ್7
ಮತ್ತೆ ಆ 4% ಎಲ್ಲಿ ತಪ್ಪುತ್ತಿದೆ ಅಂತ ನೋಡಿದ್ದೀರಾ? ವಾಪಸ್ ಸರಕಿನ ಮೂಲೆಯ ಸುತ್ತಮುತ್ತಲೇ ಇರುತ್ತದೆ ಅಂತ ನನ್ನ ಅನುಮಾನ. ಹಾಗಿದ್ದರೆ ಕೈಬಿಟ್ಟ ಆ 6ರ ಮಾಡ್ಯೂಲೇ ನಿಮ್ಮ ಗುರಿಯನ್ನು ತಡೀತಿದೆ.

ನೀಲಿಕಡತ
ಇದು ನೋಡಲೇಬೇಕಾದ್ದು. ವಾರದ ಎಣಿಕೆಯ ಹಾಳೆಯಲ್ಲಿ ಶೆಲ್ಫ್ ನಂಬರ್ ಇದೆ, ಹೆಕ್ಕಿ ನೋಡ್ತೀನಿ.

(ಮರುದಿನ)

ಹೆಕ್ಕಿದೆ. ತಪ್ಪಿದ ಸಾಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ವಾಪಸ್ ಬರೋದು ಹೆಚ್ಚಿರುವ ಸರಕುಗಳದ್ದೇ. ಪೂರ್ತಿ ಕಾರಣ ಅದೇ ಅಂತ ಹೇಳೋಕೆ ಆಗಲ್ಲ, ಆದರೆ ಮುಂದಿನ ಕೆಲಸದ ಪಟ್ಟಿಯಲ್ಲಿ ಮಾಡ್ಯೂಲಿನ ಪಕ್ಕ ಇದನ್ನು ಬರೆದಿದ್ದೇನೆ. 103, 107, 108 ಮೂರೂ ಇರುವ ಕರಡನ್ನು ಸ್ಪಾನ್ಸರ್‌ಗೆ ಕಳಿಸಿದೆ. "ಬಜೆಟ್ಟಿನೊಳಗೆ" ಅನ್ನೋ ಸಾಲಿನ ಜಾಗದಲ್ಲಿ ಎರಡು ಹೋಲಿಕೆ ಹಾಕಿದ್ದೇನೆ. 103ರ ಸಾಲು ಕೊನೇ ಪುಟಕ್ಕೆ ಹಾಕಿ ಅಂತ ಹೇಳಿದ್ದಾರೆ, ತೆಗೆಯಿರಿ ಅಂತ ಹೇಳಿಲ್ಲ. ಮೊದಲ ಪುಟದಲ್ಲೇ ಇರಬೇಕು ಅಂತ ನಾನು ಮತ್ತೆ ಮಾತಾಡ್ತೀನಿ.

ಹೊಸಬ
ಒಂದು ಕೊನೆ ಪ್ರಶ್ನೆ. ಶೆಲ್ಫ್ ಮುಂದೆ ನಿಂತು ಎಣಿಸಿದ ಗೋದಾಮಿನವರ ಸಂಬಳ ಈ 107ರಲ್ಲಿ ಇದೆಯಾ?

ನೀಲಿಕಡತ
ಇಲ್ಲ. ಹೊರಗಿನಿಂದ ಕರೆಸಿದವರಿಗೆ ಕೊಟ್ಟಿದ್ದು ಮಾತ್ರ ಆ 5ರಲ್ಲಿದೆ.

ಲೆಕ್ಕದವಳು
ಮೊದಲ ಬಜೆಟ್ಟಿನಲ್ಲಿ ಒಳಗಿನವರ ಸಮಯ ಇರಲಿಲ್ಲ ಅಂದರೆ ಕೊನೆಯ ಅಂಕಿಯಲ್ಲೂ ಸೇರಿಸಬಾರದು. ಸೇರಿಸಿದರೆ ಹೋಲಿಕೆ ಕೆಡುತ್ತದೆ.

ಶೆಲ್ಫ್‌ನಂಬರ್7
ಸೇರಿಸದಿದ್ದರೆ ಮುಂದಿನ ಸಲವೂ ನಮ್ಮ ಹುಡುಗರು ಪುಕ್ಕಟೆ ಅಂತಲೇ ಅಂದಾಜು ಮಾಡ್ತಾರೆ. ಓವರ್‌ಟೈಮ್ ಆಗಿದ್ದು ನಿಜ ತಾನೇ?

ಹಳೇಕೈ
ಹೋಲಿಕೆಗೆ ಬೇಡ. ಆದರೆ ಪಕ್ಕದಲ್ಲಿ ಬೇರೆಯಾಗಿ, ಹಣದಲ್ಲಿ ಅಲ್ಲದಿದ್ದರೂ ಎಷ್ಟು ಗಂಟೆ ಅಂತ ಇರಲಿ ಅಂತ ನನ್ನ ಅಭಿಪ್ರಾಯ. ಪಾಳಿ ಪುಸ್ತಕದಲ್ಲಿ ಓವರ್‌ಟೈಮ್ ನಮೂದು ಸಿಗುತ್ತದಾ ನೋಡಿ.

ಲೆಕ್ಕದವಳು
ಓವರ್‌ಟೈಮ್ ಆದರೆ ಸರಿ, ಅದಕ್ಕೆ ದಾಖಲೆ ಇದೆ. ಮಾಮೂಲಿ ಪಾಳಿಯಲ್ಲಿ ಎಣಿಸಿದ ಗಂಟೆಗಳನ್ನು ನೆನಪಿನ ಮೇಲೆ ಬರೆಯೋದಾದರೆ ನಾನು ಒಪ್ಪಲ್ಲ.